ಕರೆದ ಹಾಲಿನ ಬಿಸಿ ಬೇಗ ಇಳಿಸುವುದು ಹೇಗೆ: ಹಾಲು ಹಾಕುವವರಿಗೆ ಡೈರಿ ಕೆಮಿಸ್ಟ್ ಬರೆದ ಪತ್ರ

ಮಲೆನಾಡಿನ ಎಲ್ಲ ಹಾಲು ಉತ್ಪಾದಕರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಹೊಸನಗರ ಕಡೆಯ ಒಂದು ಸಂಘದ ಹಾಲು ಪದೇ ಪದೇ ಕಳಪೆ ಬರುತ್ತಿತ್ತು. ಯಾರ ಮನೆಯ ಹಾಲು ಅಂತ ನೋಡೋಣ ಎಂದು ಸದಸ್ಯರ ಮಾದರಿಗಳನ್ನು ಬೇರೆ ಬೇರೆಯಾಗಿ ತರಿಸಿ ನೀಲಿ ಪರೀಕ್ಷೆಗೆ ಇಟ್ಟೆ. ಒಂದೊಂದು ಟ್ಯೂಬಿಗೆ 10 ಮಿ.ಲೀ. ಹಾಲು, 1 ಮಿ.ಲೀ. ಮೆಥಿಲೀನ್ ಬ್ಲೂ. ಟ್ಯೂಬುಗಳನ್ನು 37 ಡಿಗ್ರಿ ನೀರಿನಲ್ಲಿ ನಿಲ್ಲಿಸಿ ಕಾಯಬೇಕು. ಹಾಲಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ನೀಲಿ ಬೇಗ ಮಾಯವಾಗಿ ಹಾಲು ಬಿಳಿಯಾಗುತ್ತದೆ. ಐದು ಗಂಟೆ ದಾಟಿದರೂ ನೀಲಿ ಉಳಿದರೆ ತುಂಬಾ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೇ ಹೋದರೆ ತೀರಾ ಕಳಪೆ. ಅವತ್ತು ಒಂದು ಟ್ಯೂಬು ಒಂದೂಕಾಲು ಗಂಟೆಯೊಳಗೇ ಬಿಳಿಯಾಯಿತು.

ಆ ಮನೆಗೆ ಥರ್ಮಾಮೀಟರ್ ಹಿಡಿದುಕೊಂಡು ಬೆಳಗಿನ ಜಾವವೇ ಹೋದೆ. ಕೊಟ್ಟಿಗೆ ಚೊಕ್ಕಟವಾಗಿತ್ತು. ಹಾಲು ಕರೆಯುವ ಅಕ್ಕ ಕೆಚ್ಚಲು ತೊಳೆದು, ಬಟ್ಟೆಯಲ್ಲಿ ಒರೆಸಿ, ಮೊದಲ ಧಾರೆಗಳನ್ನು ಬೇರೆ ಪಾತ್ರೆಗೆ ಬಿಟ್ಟು ಆಮೇಲೇ ಕರೆಯಲು ಕೂತರು. ಒಂದು ತಪ್ಪೂ ಕಾಣಲಿಲ್ಲ. ಐದೂಮುಕ್ಕಾಲಿಗೆ 10 ಲೀಟರ್ ಹಾಲು ಕ್ಯಾನಿಗೆ ಬಿತ್ತು. ಅಳೆದೆ, 36 ಡಿಗ್ರಿ. ಮುಚ್ಚಳ ಹಾಕಿ, ಮೇಲೊಂದು ಗೋಣಿಚೀಲ ಹೊದಿಸಿ ಜಗಲಿಯ ಮೂಲೆಯಲ್ಲಿ ಇಟ್ಟರು. ಗಾಡಿ ಬರುವುದು ಎಂಟೂಕಾಲಿಗೆ. ಎಂಟು ಗಂಟೆಗೆ ಮತ್ತೆ ಅಳೆದೆ. 32!

"ಅಲ್ಲ ಸಾರ್, ಇಷ್ಟು ಮಳೆ ಹೊಡೀತಿದೆ, ನಮಗೇ ಕಂಬಳಿ ಬೇಕು. ಹಾಲು ತಣ್ಣಗಾಗದೆ ಇರುತ್ತಾ?" ಅಂದರು ಆ ಅಕ್ಕ. ಅವತ್ತು ಜಗಲಿಯ ಗಾಳಿ 22 ಡಿಗ್ರಿ ಇತ್ತು. ನಿಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿರುವ ಪ್ರಶ್ನೆ ಇದೇ. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ಗಾಳಿಗೆ ಬಿಸಿ ಎಳೆಯುವ ಶಕ್ತಿ ಕಮ್ಮಿ

ಹಾಲಿನ ಬಿಸಿ ಹೊರಗೆ ಹೋಗಲು ಮೂರು ಬಾಗಿಲು ದಾಟಬೇಕು. ಮೊದಲು ಕ್ಯಾನಿನ ನಡುವಿನ ಹಾಲಿನಿಂದ ಗೋಡೆಯವರೆಗೆ ಬರಬೇಕು. ಆಮೇಲೆ ಗೋಡೆಯನ್ನು ದಾಟಬೇಕು. ಕೊನೆಗೆ ಗೋಡೆಯಿಂದ ಹೊರಗಿನ ಗಾಳಿಗೋ ನೀರಿಗೋ ಸೇರಬೇಕು. ಮೂರರಲ್ಲಿ ಯಾವುದು ಕಿರಿದೋ ಅದೇ ಒಟ್ಟು ವೇಗವನ್ನು ತೀರ್ಮಾನಿಸುತ್ತದೆ. ತೋಟದ ಪೈಪಿನಲ್ಲಿ ಎಲ್ಲಿ ಕಸ ಕಟ್ಟಿದೆಯೋ ಅಲ್ಲೇ ನೀರು ನಿಲ್ಲುವುದಿಲ್ಲವೇ, ಹಾಗೆ.

ಜಗಲಿಯಲ್ಲಿಟ್ಟ ಕ್ಯಾನಿಗೆ ಕಿರಿದಾದ ಬಾಗಿಲು ಮೂರನೆಯದು. ಕ್ಯಾನಿಗೆ ಅಂಟಿಕೊಂಡ ತೆಳು ಗಾಳಿಯ ಪದರವೇ ಒಂದು ಹೊದಿಕೆ. ನಿಂತ ಗಾಳಿಗಿಂತ ನೀರು ಹತ್ತಾರು ಪಟ್ಟು ಬೇಗ ಬಿಸಿ ಎಳೆದುಕೊಳ್ಳುತ್ತದೆ. ಇದನ್ನು ನೀವೇ ನೋಡಿದ್ದೀರಿ. 22 ಡಿಗ್ರಿ ಗಾಳಿಯಲ್ಲಿ ಬರೀ ಮೈಯಲ್ಲಿ ನಿಂತರೆ ಸ್ವಲ್ಪ ಚಳಿ ಅಷ್ಟೇ. 22 ಡಿಗ್ರಿ ಹೊಳೆಯಲ್ಲಿ ಸ್ವಲ್ಪ ಹೊತ್ತು ಕುತ್ತಿಗೆಮಟ್ಟ ನಿಂತರೆ ಹಲ್ಲು ಕಟಕಟ ಅನ್ನುತ್ತದೆ. ಡಿಗ್ರಿ ಒಂದೇ ಆದರೂ ಮೈಯಿಂದ ಬಿಸಿ ಹೋಗುವ ವೇಗ ಬೇರೆ.

ಕ್ಯಾನು ಅಲ್ಯುಮಿನಿಯಂದೋ ಸ್ಟೀಲಿನದೋ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಎರಡರ ಗೋಡೆಯೂ ತೆಳು, ಎರಡೂ ಬಿಸಿಯನ್ನು ಸಲೀಸಾಗಿ ದಾಟಿಸುತ್ತವೆ. ಪ್ಲಾಸ್ಟಿಕ್ ಮಾತ್ರ ಬೇರೆ. ಗಾಳಿಯಲ್ಲಿ ಇಟ್ಟಾಗ ಅದರ ಕೊರತೆ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಗಾಳಿಯೇ ಅಡ್ಡಿ. ನೀರಿನಲ್ಲಿ ಇಟ್ಟರೆ ಪ್ಲಾಸ್ಟಿಕ್ ಗೋಡೆಯೇ ದೊಡ್ಡ ಅಡ್ಡಿಯಾಗುತ್ತದೆ. ಸಾಲದ್ದಕ್ಕೆ ಅದರ ಗೀರುಗಳಲ್ಲಿ ಹಳೆಯ ಹಾಲು ಕೂತಿರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಎರಡೂವರೆ ಗಂಟೆಯಲ್ಲಿ ಏನಾಗುತ್ತದೆ

ಎಷ್ಟೇ ಚೊಕ್ಕಟವಾಗಿ ಕರೆದರೂ ಹಾಲಿಗೆ ಬ್ಯಾಕ್ಟೀರಿಯಾ ಸೇರಿಯೇ ಸೇರುತ್ತವೆ. ಕೆಚ್ಚಲಿನಿಂದ, ಕೈಯಿಂದ, ಪಾತ್ರೆಯಿಂದ. ಹಸಿ ಹಾಲಿನಲ್ಲಿ ಅವನ್ನು ತಡೆಯುವ ಸ್ವಂತ ಕಾವಲೂ ಇದೆ. ಆದರೆ ಹಾಲು ಬೆಚ್ಚಗಿದ್ದರೆ ಆ ಕಾವಲು ಸುಮಾರು ಎರಡು ಗಂಟೆಯಲ್ಲಿ ಸೋಲುತ್ತದೆ. ತಣ್ಣಗೆ ಮಾಡಿದರೆ ಅದು ಇನ್ನೂ ಬಹಳ ಹೊತ್ತು ತಾಳುತ್ತದೆ. ಬೇಗ ತಣಿಸುವುದರ ಮೊದಲ ಲಾಭವೇ ಇದು.

ಕಾವಲು ಸೋತ ಮೇಲೆ ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೆ ಒಮ್ಮೆ ದುಪ್ಪಟ್ಟಾಗಬಲ್ಲವು. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂರು ಗಂಟೆಯಲ್ಲಿ ಒಂದಕ್ಕೆ 64. ಹಾಲು ಸುಮಾರು ಹತ್ತು ಡಿಗ್ರಿ ಇಳಿದರೆ ಅವುಗಳ ವೇಗ ಅರ್ಧಕ್ಕೋ ಅದಕ್ಕಿಂತ ಕೆಳಗೋ ಬರುತ್ತದೆ. ಅರ್ಧ ಅಂತಲೇ ಹಿಡಿಯಿರಿ. ಅದೇ ಮೂರು ಗಂಟೆಯಲ್ಲಿ ಒಂದಕ್ಕೆ 8. ಆಕಳು ಅದೇ, ಹಾಲು ಅದೇ, ಕೈ ಅದೇ. ವ್ಯತ್ಯಾಸ ಎಂಟು ಪಟ್ಟು.

ಹಾಗಾಗಿ ಮನೆಯಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಅದು ಸಂಘದ ಬಲ್ಕ್ ಕೂಲರ್ ಕೆಲಸ. ನಿಮ್ಮಿಂದ ಬೇಕಾಗಿರುವುದು 36ರಿಂದ 25ರ ಹತ್ತಿರಕ್ಕೆ, ಅದೂ ಕರೆದ ಒಂದು ಗಂಟೆಯೊಳಗೆ. ಮಲೆನಾಡಿನಲ್ಲಿ ಇದಕ್ಕೆ ಕರೆಂಟ್ ಬೇಡ. ನೀರು ಸಾಕು.

ಹೆಜ್ಜೆ 1: ಕರೆಯುವ ಮೊದಲೇ ನೀರು ಸಿದ್ಧವಿರಲಿ

ಹಾಲು ಕರೆದು, ದನಕ್ಕೆ ಹುಲ್ಲು ಹಾಕಿ, ಸಗಣಿ ಬಾಚಿ, ಆಮೇಲೆ ನೀರು ಹುಡುಕಲು ಹೋದರೆ ಅರ್ಧ ಗಂಟೆ ಸುಮ್ನೆ ಹೋಗುತ್ತದೆ. ಹಾಲು ತುಂಬಾ ಬಿಸಿ ಇರುವ ಅರ್ಧ ಗಂಟೆ ಅದೇ. ಕ್ಯಾನು ಕೂರುವಂಥ ಬಾನಿಯನ್ನೋ ದೊಡ್ಡ ಟಬ್ಬನ್ನೋ ನೆರಳಲ್ಲಿ, ಕೊಟ್ಟಿಗೆಯಿಂದ ಸ್ವಲ್ಪ ದೂರದಲ್ಲಿ ಇಟ್ಟುಕೊಳ್ಳಿ. ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ನೀರು ಬೇಡ. ಬೇಸಗೆಯ ಸಂಜೆ ಅದು ಹಾಲಿನಷ್ಟೇ ಬೆಚ್ಚಗಿರುತ್ತದೆ. ಬಾವಿಯಿಂದ ಆಗಷ್ಟೇ ಎತ್ತಿದ ನೀರು ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು.

ಹೆಜ್ಜೆ 2: ಸೋಸಿ, ತಕ್ಷಣ ನೀರಿಗೆ ಇಳಿಸಿ

ಒಂದು ಹಸು ಕರೆದು ಮುಗಿಯುತ್ತಿದ್ದ ಹಾಗೆ ಆ ಹಾಲನ್ನು ಸೋಸಿ, ನೀರಿನಲ್ಲಿ ಮೊದಲೇ ನಿಂತಿರುವ ಕ್ಯಾನಿಗೆ ಹಾಕಿ. ಎರಡನೇ ಹಸು ಮುಗಿಯಲಿ ಎಂದು ಕಾಯಬೇಡಿ.

ಹೊರಗಿನ ನೀರು ಒಳಗಿನ ಹಾಲಿನ ಮಟ್ಟಕ್ಕೆ ಸಮ ಇರಬೇಕು. ಕ್ಯಾನಿನ ಕಾಲುಭಾಗ ಮಾತ್ರ ಮುಳುಗಿದ್ದರೆ ಕೆಳಗಿನ ಹಾಲು ತಣ್ಣಗಾಗಿ ಕೆಳಗೇ ಕೂರುತ್ತದೆ, ಮೇಲಿನ ಹಾಲು ಬಿಸಿಯಾಗಿಯೇ ಉಳಿಯುತ್ತದೆ. ಬಿಸಿ ಹಾಲು ಹಗುರ, ತಣ್ಣನೆಯದು ಭಾರ. ತಾನಾಗಿ ಅವು ಬೆರೆಯುವುದಿಲ್ಲ. ನೀರು ಹಾಲಿಗಿಂತ ಮೇಲಿದ್ದರೂ ಕಷ್ಟ, ಅರ್ಧ ತುಂಬಿದ ಕ್ಯಾನು ತೇಲಿ ವಾಲುತ್ತದೆ. ನೀರು ಒಳಗೆ ಹೋದರೆ ಹಾಲಿನ ಲ್ಯಾಕ್ಟೋಮೀಟರ್ ಡಿಗ್ರಿ ಇಳಿಯುತ್ತದೆ, ಜೊತೆಗೆ ಆ ನೀರಿನ ಕೊಳೆಯೂ ಸೇರುತ್ತದೆ. ಕ್ಯಾನಿನ ಕಿವಿಗೆ ಹಗ್ಗ ಕಟ್ಟಿ ಬಾನಿಯ ಪಕ್ಕದ ಗೂಟಕ್ಕೆ ಬಿಗಿಯಿರಿ. ಬಾಯಿಗೆ ತೊಳೆದು ಒಣಗಿಸಿದ ತೆಳು ಬಟ್ಟೆ ಕಟ್ಟಿ. ಗಟ್ಟಿ ಮುಚ್ಚಳ ತಣ್ಣಗಾದ ಮೇಲೆ ಸಾಕು.

ಹೆಜ್ಜೆ 3: ನೀರು ಬದಲಿಸಿ

ಬಹಳ ಜನ ತಪ್ಪುವುದು ಇಲ್ಲೇ. ಟಬ್ಬಿನಲ್ಲಿ ಇಟ್ಟೆ, ಆಯ್ತು ಅಂದುಕೊಳ್ಳುತ್ತಾರೆ. ಹಾಲು ಬಿಟ್ಟ ಬಿಸಿ ಎಲ್ಲಿಗೆ ಹೋಯಿತು? ಅದೇ ಟಬ್ಬಿನ ನೀರಿಗೆ. ಹಾಲು ಇಳಿದ ಹಾಗೆ ನೀರು ಏರುತ್ತದೆ. ಎರಡೂ ಸಮವಾದ ಮೇಲೆ ಇಡೀ ದಿನ ಇಟ್ಟರೂ ಹಾಲು ಇನ್ನು ಇಳಿಯುವುದಿಲ್ಲ.

ಲೆಕ್ಕ ಸುಲಭ. ಹಾಲಿಗೂ ನೀರಿಗೂ ಬಿಸಿ ಹಿಡಿಯುವ ಶಕ್ತಿ ಹೆಚ್ಚುಕಡಿಮೆ ಒಂದೇ. 36 ಡಿಗ್ರಿಯ 10 ಲೀಟರ್ ಹಾಲು, 22 ಡಿಗ್ರಿಯ 10 ಲೀಟರ್ ನೀರು. ಎರಡೂ ನಡುವೆ ಬಂದು ನಿಲ್ಲುತ್ತವೆ, ಅಂದರೆ 29. ಆ ನೀರು ಚೆಲ್ಲಿ ಮತ್ತೆ 22ರ 10 ಲೀಟರ್ ಹಾಕಿ. 29ಕ್ಕೂ 22ಕ್ಕೂ ನಡುವೆ, 25.5. ಮೂರನೇ ಸಲ ಬದಲಿಸಿದರೆ 24ರ ಹತ್ತಿರ.

ಈಗ ಅದೇ 30 ಲೀಟರ್ ನೀರನ್ನು ಒಂದೇ ಸಲ ದೊಡ್ಡ ಟಬ್ಬಿಗೆ ಹಾಕಿದ್ದರೆ? ನಿಲ್ಲುವುದು 25.5ಕ್ಕೆ. ಅಂದರೆ ಒಂದೇ ಸಲದ 30 ಲೀಟರ್ ಮಾಡುವ ಕೆಲಸವನ್ನು ಎರಡು ಸಲದ 20 ಲೀಟರ್ ಮಾಡುತ್ತದೆ. ನೀರು ಕಮ್ಮಿ ಇರುವ ಮನೆಯವರು ಇದನ್ನು ನೆನಪಿಡಿ. ಕ್ಯಾನಿಗಿಂತ ಸ್ವಲ್ಪವೇ ಅಗಲದ ಬಕೆಟ್ ತಗೊಂಡು, ಹದಿನೈದು ನಿಮಿಷಕ್ಕೊಮ್ಮೆ ನೀರು ಬದಲಿಸಿ. ಚೆಲ್ಲುವ ನೀರು ವ್ಯರ್ಥವಲ್ಲ, ಬೆಚ್ಚಗಿರುತ್ತದೆ, ದನಕ್ಕೆ ಕುಡಿಯಲು ಕೊಡಬಹುದು. ಇದು ಲೆಕ್ಕದ ಮಾತು. ನಿಜವಾಗಿ ಹದಿನೈದು ನಿಮಿಷದಲ್ಲಿ ಪೂರ್ತಿ ಸಮವಾಗುವುದಿಲ್ಲ, ಒಂದು ಡಿಗ್ರಿ ಹೆಚ್ಚೇ ಇರುತ್ತದೆ. ತೊಂದರೆ ಇಲ್ಲ.

ಹರಿಯುವ ನೀರಿದ್ದರೆ ಈ ಬದಲಿಸುವ ಕೆಲಸವೇ ಇಲ್ಲ. ಹೊಸ ನೀರು ಬರುತ್ತಲೇ ಇರುತ್ತದೆ, ಬಿಸಿ ಹೊತ್ತ ನೀರು ಹೋಗುತ್ತಲೇ ಇರುತ್ತದೆ. ಆ ಅಕ್ಕನ ಮನೆಯಲ್ಲಿ ಜಗಲಿಯಿಂದ ಇಪ್ಪತ್ತು ಹೆಜ್ಜೆಗೆ ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ಹರಿದು ಕಲ್ಲುಬಾನಿಗೆ ಬಿದ್ದು, ಅಲ್ಲಿಂದ ತೋಟಕ್ಕೆ ಹೋಗುತ್ತಿತ್ತು. ಮಾರನೇ ದಿನ ಕ್ಯಾನನ್ನು ಆ ಬಾನಿಯಲ್ಲೇ ನಿಲ್ಲಿಸಿದೆವು. ದಬ್ಬೆಯ ನೀರು ಕ್ಯಾನಿನ ಬಾಯಿಗೆ ಸಿಡಿಯದ ಹಾಗೆ ಅದರ ತುದಿಗೆ ಒಂದು ಬಾಳೆಎಲೆ ಇಳಿಬಿಟ್ಟು ಬಾನಿಯ ಇನ್ನೊಂದು ಮೂಲೆಗೆ ತಿರುಗಿಸಿದೆವು.

ಹೆಜ್ಜೆ 4: ಕಲಕಿ

ಹೊರಗೆ ನೀರು ಹರಿಯಲು ಶುರುವಾದ ಮೇಲೆ ಮೂರನೇ ಬಾಗಿಲು ತೆರೆದ ಹಾಗಾಯಿತು. ಈಗ ಮೊದಲನೇ ಬಾಗಿಲು ಕಿರಿದು. ಗೋಡೆಗೆ ತಾಗಿದ ಹಾಲು ತಣ್ಣಗಾಗಿ ಕೆಳಗಿಳಿದು, ನಡುವಿನ ಬಿಸಿ ಹಾಲು ನಡುವೆಯೇ ನಿಂತಿರುತ್ತದೆ. ಐದು ನಿಮಿಷಕ್ಕೊಮ್ಮೆ ತಳದಿಂದ ಮೇಲಕ್ಕೆ ನಿಧಾನವಾಗಿ ಎಂಟ್ಹತ್ತು ಸಲ ಕಲಕಿ. ಜೋರಾಗಿ ನೊರೆ ಬರಿಸುವುದು ಬೇಡ.

ಯಾವುದರಿಂದ ಕಲಕುತ್ತೀರಿ ಅನ್ನುವುದು ಮುಖ್ಯ. ಉದ್ದ ಹಿಡಿಯ ಸ್ಟೀಲ್ ಸೌಟು ಇರಲಿ. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಈ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಮಜ್ಜಿಗೆಯ ಕಡೆಗೋಲು ಬೇಡವೇ ಬೇಡ. ಮರದ ಸಂದಿಯಲ್ಲಿ ಮೊಸರಿನ ಅಂಶ ಕೂತಿರುತ್ತದೆ. ಅದರಲ್ಲಿ ಕಲಕಿದರೆ ನೀವೇ ಕೈಯಾರೆ ಹೆಪ್ಪು ಹಾಕಿದ ಹಾಗೆ.

ಹಾಲು ಜಾಸ್ತಿ ಇದ್ದರೆ ಒಂದೇ ದೊಡ್ಡ ಕ್ಯಾನಿನ ಬದಲು ಎರಡು ಸಣ್ಣ ಕ್ಯಾನುಗಳಿಗೆ ಹಂಚಿ. ಕ್ಯಾನು ದಪ್ಪವಾದಷ್ಟೂ ನಡುವಿನ ಹಾಲಿಗೆ ಗೋಡೆ ದೂರ. ಇಷ್ಟು ಹಾಲಿಗೆ ಇಷ್ಟು ಗೋಡೆ ಎನ್ನುವ ಪಾಲೂ ಕಮ್ಮಿಯಾಗುತ್ತದೆ. 40 ಲೀಟರ್ ಕ್ಯಾನಿನಲ್ಲಿ ತುಂಬಿದ ಹಾಲು ಅದೇ ನೀರಿನಲ್ಲಿ 10 ಲೀಟರ್ ಕ್ಯಾನಿಗಿಂತ ಬಹಳ ನಿಧಾನವಾಗಿ ತಣಿಯುತ್ತದೆ.

ಹೆಜ್ಜೆ 5: ಅಳೆದು ನೋಡಿ, ಕೊನೆಯ ಡಿಗ್ರಿಗೆ ಕಾಯಬೇಡಿ

ಬಾನಿಯಲ್ಲಿಟ್ಟ ಆ ದಿನ ನೀರು 22 ಡಿಗ್ರಿ, ಹಾಲಿನ ಅಳತೆ ಹೀಗಿತ್ತು. ಐದೂಮುಕ್ಕಾಲಿಗೆ 36. ಆರು ಗಂಟೆಗೆ 30. ಆರೂಕಾಲಿಗೆ 26. ಆರೂವರೆಗೆ 24. ಆಮೇಲೆ ಅರ್ಧ ಗಂಟೆ ಇಟ್ಟರೂ ಇಳಿದದ್ದು ಒಂದು ಡಿಗ್ರಿ ಚಿಲ್ಲರೆ. ಹಾಲಿಗೂ ನೀರಿಗೂ ಎಷ್ಟು ಅಂತರ ಇದೆಯೋ ಅಷ್ಟು ವೇಗವಾಗಿ ಬಿಸಿ ಹರಿಯುತ್ತದೆ. ಅಂತರ 14 ಇದ್ದಾಗ ಓಡುತ್ತದೆ, 2 ಉಳಿದಾಗ ತೆವಳುತ್ತದೆ. ಹಾಗಾಗಿ ಮೊದಲ ಅರ್ಧ ಗಂಟೆಗೆ ನಿಮ್ಮ ಗಮನ ಕೊಡಿ. ಕೊನೆಯ ಎರಡು ಡಿಗ್ರಿಗಾಗಿ ಗಾಡಿ ತಪ್ಪಿಸಿಕೊಳ್ಳಬೇಡಿ.

ಗಾಜಿನ ಥರ್ಮಾಮೀಟರನ್ನು ಹಾಲಿಗೆ ಇಳಿಬಿಡುವುದು ಬೇಡ, ಒಡೆದರೆ ಕ್ಯಾನಿನ ಹಾಲೆಲ್ಲ ಚೆಲ್ಲಬೇಕು. ಸ್ಟೀಲ್ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ಕಲಕಿದ ಮೇಲೆ, ನಡುವಿನಲ್ಲಿ ಅಳೆಯಿರಿ. ಅದಿಲ್ಲದವರು ಕ್ಯಾನಿನ ಹೊರಮೈ ಮುಟ್ಟಿ ನಂಬಬೇಡಿ. ನೀರಿನಲ್ಲಿದ್ದ ಹೊರಮೈ ತಣ್ಣಗೇ ಇರುತ್ತದೆ. ಕಲಕಿದ ಸೌಟಿನಲ್ಲಿ ಸ್ವಲ್ಪ ಹಾಲು ಎತ್ತಿ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ. ಬೆಚ್ಚಗೆ ಅನ್ನಿಸಿದರೆ ಇನ್ನೂ ಆಗಿಲ್ಲ. ಸ್ಪಷ್ಟವಾಗಿ ತಣ್ಣಗೆ ಅನ್ನಿಸಬೇಕು.

ನೀರು ಕಮ್ಮಿ ಇರುವವರಿಗೆ, ಫ್ರಿಜ್ ಇರುವವರಿಗೆ

ಒದ್ದೆ ಗೋಣಿ ಸುತ್ತುವ ಪದ್ಧತಿ ಕೆಲವು ಕಡೆ ಇದೆ. ಅದು ಒಳ್ಳೆಯದೇ, ಆದರೆ ಕಾಲ ನೋಡಿ ಮಾಡಬೇಕು. ಗೋಣಿಯ ನೀರು ಆವಿಯಾಗುವಾಗ ಹಾಲಿನ ಬಿಸಿಯನ್ನೇ ಎಳೆದುಕೊಂಡು ಹೋಗುತ್ತದೆ. ಒಂದು ಲೋಟದ ಅರ್ಧದಷ್ಟು, ಅಂದರೆ 100 ಮಿ.ಲೀ. ನೀರು ಕ್ಯಾನಿನ ಬಿಸಿಯಿಂದಲೇ ಆವಿಯಾದರೆ 10 ಲೀಟರ್ ಹಾಲು ಸುಮಾರು 6 ಡಿಗ್ರಿ ಇಳಿಯುತ್ತದೆ. ಫೆಬ್ರವರಿ, ಮಾರ್ಚಿನ ಒಣಗಾಳಿಯಲ್ಲಿ, ಗಾಳಿ ಆಡುವ ನೆರಳಲ್ಲಿ ಇಟ್ಟರೆ ಇದು ಚೆನ್ನಾಗಿ ನಡೆಯುತ್ತದೆ. ಜುಲೈನಲ್ಲಿ ನಡೆಯುವುದಿಲ್ಲ. ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದ ಗಾಳಿಯಲ್ಲಿ ಗೋಣಿ ತಾನೇ ಹೇಗೆ ಒಣಗೀತು? ಇನ್ನು ಒಣ ಗೋಣಿ ಯಾವ ಕಾಲದಲ್ಲೂ ಹೊದಿಸಬೇಡಿ. ಅದು ಹಾಲಿಗೆ ಹೊದಿಸಿದ ಕಂಬಳಿ.

ಬಿಸಿ ಹಾಲಿನ ಕ್ಯಾನನ್ನು ನೇರ ಫ್ರಿಜ್ಜಿಗೆ ಇಡುವವರೂ ಇದ್ದಾರೆ. ಫ್ರಿಜ್ ಒಳಗಿರುವುದೂ ಗಾಳಿಯೇ. 10 ಲೀಟರ್ ಹಾಲು ಅಲ್ಲಿ ತಣ್ಣಗಾಗಲು ಎಷ್ಟೋ ಗಂಟೆ ಬೇಕು. ಮೊದಲು ನೀರಿನಲ್ಲಿ ಇಳಿಸಿ, ಆಮೇಲೆ ಫ್ರಿಜ್. ಅದರ ಫ್ರೀಜರನ್ನು ಬೇರೆ ರೀತಿ ಬಳಸಬಹುದು. ಬಾಟಲಿಗಳಲ್ಲಿ 2 ಕಿಲೋ ಐಸ್ ಮಾಡಿಟ್ಟುಕೊಂಡು ಮೂರನೇ ಸಲದ ನೀರಿಗೆ ಹಾಕಿ. ಲೆಕ್ಕದ ಪ್ರಕಾರ ಹಾಲು 14ರ ಹತ್ತಿರಕ್ಕೆ ಬರುತ್ತದೆ. ಮೊದಲ ಸಲದ ನೀರಿಗೇ ಹಾಕಿ ಐಸ್ ಕಳೆದುಕೊಳ್ಳಬೇಡಿ. ಪುಕ್ಕಟೆ ನೀರು ಮಾಡುವ ಕೆಲಸಕ್ಕೆ ಐಸ್ ಯಾಕೆ? ಹಾಲಿನ ಒಳಗೆ ಐಸ್ ಹಾಕುವುದಂತೂ ಯಾವತ್ತೂ ಬೇಡ. ಅದು ನೀರು ಬೆರೆಸಿದ ಹಾಗೇ.

ತಣ್ಣಗಾದ ಸಂಜೆ ಹಾಲಿಗೆ ಬೆಳಗಿನ ಬಿಸಿ ಹಾಲು ಸುರಿಯುವುದೂ ಇದೇ ಸಾಲಿನ ತಪ್ಪು. 4 ಡಿಗ್ರಿಯ 10 ಲೀಟರಿಗೆ 36ರ 10 ಲೀಟರ್ ಸೇರಿದರೆ ಎಲ್ಲವೂ 20 ಆಗುತ್ತದೆ. ರಾತ್ರಿಯಿಡೀ ಕಾಪಾಡಿದ ಹಾಲು ಒಂದು ಕ್ಷಣದಲ್ಲಿ ಮತ್ತೆ ಬೆಚ್ಚಗಾಯಿತು. ಎರಡನ್ನೂ ಬೇರೆ ಕ್ಯಾನಿನಲ್ಲೇ ತನ್ನಿ.

ಸಂಘದ ಬಲ್ಕ್ ಕೂಲರಿಗೂ ನಿಮ್ಮ ಈ ಕೆಲಸ ನೇರವಾಗಿ ಮುಟ್ಟುತ್ತದೆ. 34ರಿಂದ 4ಕ್ಕೆ ಇಳಿಸಲು 30 ಡಿಗ್ರಿಯ ಕೆಲಸ. 24ರಲ್ಲಿ ಬಂದರೆ 20 ಡಿಗ್ರಿ, ಮೂರನೇ ಒಂದು ಭಾಗ ಕಮ್ಮಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಜನರೇಟರ್ ಮೇಲೆ ಓಡಿಸುವಾಗ ಇದು ಡೀಸೆಲ್ಲಿನಲ್ಲೇ ಕಾಣುತ್ತದೆ, ಬೇಕಾದರೆ ನಿಮ್ಮ ಕಾರ್ಯದರ್ಶಿಯನ್ನು ಕೇಳಿ.

ತಣಿಸಿದರೂ ಸರಿಹೋಗದ್ದು

ತಣ್ಣನೆ ನೀರು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಕ್ಯಾನಿನ ಕುತ್ತಿಗೆಯ ಒಳಗೆ ಹಳದಿ ಪೊರೆ ಕಟ್ಟಿದ್ದರೆ, ಬೆರಳಿಗೆ ಜಾರು ಜಾರು ಅನ್ನಿಸಿದರೆ, ಅದು ಹಳೆಯ ಹಾಲು ಕಟ್ಟಿದ ಪದರ. ಅಂಥ ಕ್ಯಾನಿಗೆ ಹಾಕಿದ ಹಾಲನ್ನು ಎಷ್ಟು ಬೇಗ ತಣಿಸಿದರೂ ನೀಲಿ ಬೇಗ ಹೋಗುತ್ತದೆ. ಕೆಚ್ಚಲು ಬಾವು ಇರುವ ಹಸುವಿನ ಹಾಲೂ ಅಷ್ಟೇ. ಮೊದಲ ಧಾರೆಯಲ್ಲಿ ಗಟ್ಟಿ ಚೂರು ಕಂಡರೆ ಅದನ್ನು ಒಟ್ಟು ಹಾಲಿಗೆ ಸೇರಿಸಬೇಡಿ, ಡಾಕ್ಟರಿಗೆ ತೋರಿಸಿ.

ಹುಳಿ ತಿರುಗಿದ ಹಾಲಿಗೆ ಸೋಡಾ ಹಾಕಿ ಸರಿಮಾಡಬಹುದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸೋಡಾ ಹುಳಿಯನ್ನು ಮುಚ್ಚುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಇರುತ್ತವೆ. ಲ್ಯಾಬಿನಲ್ಲಿ ರೊಸೋಲಿಕ್ ಆಸಿಡ್ ಎರಡು ಹನಿ ಬಿದ್ದ ತಕ್ಷಣ ಅಂಥ ಹಾಲು ಗುಲಾಬಿ ಕೆಂಪಾಗುತ್ತದೆ. ಕ್ಯಾನು ಪೂರ್ತಿ ವಾಪಸ್.

ಆ ಅಕ್ಕನ ಮನೆಯ ಹಾಲನ್ನು ಹತ್ತು ದಿನ ಬಿಟ್ಟು ಮತ್ತೆ ನೀಲಿ ಪರೀಕ್ಷೆಗೆ ಇಟ್ಟೆ. ಈ ಸಲ ನಾಲ್ಕು ಗಂಟೆ ದಾಟಿದರೂ ನೀಲಿ ಇತ್ತು. ಅವರು ಬದಲಿಸಿದ್ದು ಕ್ಯಾನು ಇಡುವ ಜಾಗ ಒಂದನ್ನೇ, ಜಗಲಿಯ ಮೂಲೆಯಿಂದ ಬಾನಿಗೆ.

ನಿಮ್ಮ ಮನೆಯಲ್ಲೂ ಮಾಡಿ ನೋಡಿ. ಕರೆದು ಮುಗಿದ ಹೊತ್ತು, ಆಗಿನ ಡಿಗ್ರಿ, ನೀರಿನ ಡಿಗ್ರಿ, ಅರ್ಧ ಗಂಟೆಯ ನಂತರದ ಡಿಗ್ರಿ, ಗಾಡಿಗೆ ಕೊಟ್ಟ ಹೊತ್ತು. ಇಷ್ಟನ್ನು ಒಂದು ವಾರ ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದು ಕಾರ್ಯದರ್ಶಿಯ ಕೈಗೆ ಕೊಡಿ. ಆ ವಾರದ ಕೊನೆಯ ದಿನದ ಮಾದರಿಯನ್ನು ನಾನೇ ನೀಲಿ ಪರೀಕ್ಷೆಗೆ ಇಟ್ಟು, ಎಷ್ಟು ಗಂಟೆ ನಿಂತಿತು ಎಂದು ಅದೇ ಪುಟದಲ್ಲಿ ಬರೆದು ಕಳಿಸುತ್ತೇನೆ.

ಇಂತಿ,
ನಿಮ್ಮ ಡೈರಿಯ ಕೆಮಿಸ್ಟ್